ಬಾಯಿಂದ ಜಾರಿದ ಕಥೆ: ಒಂದು ಜನಪದ ಕಥೆ ಐದು ನಿಮಿಷದೊಳಗಿನ ಅನಿಮೇಷನ್ ಚಿತ್ರಕಥೆಯಾದ ಬಗೆ

ಒಬ್ಬ ಹೆಂಗಸಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡು ಗೊತ್ತಿತ್ತು. ಕಥೆಯನ್ನು ಅವಳು ಯಾರಿಗೂ ಹೇಳಲಿಲ್ಲ, ಹಾಡನ್ನು ಯಾರ ಮುಂದೆಯೂ ಹಾಡಲಿಲ್ಲ. ಒಳಗೇ ಕೂತು ಕೂತು ಅವೆರಡಕ್ಕೂ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಕಥೆ ಹೊರಗೆ ಬಿತ್ತು. ಒಂದು ಜೊತೆ ಮೆಟ್ಟಾಗಿ ಹೊಸ್ತಿಲ ಆಚೆ ಕೂತಿತು. ಹಾಡೂ ಅದರ ಹಿಂದೆಯೇ ಬಂದು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದ. ಯಾರು ಬಂದಿದ್ದಾರೆ ಅಂದ. ಯಾರೂ ಇಲ್ಲ ಅಂದಳು. ಹಾಗಾದರೆ ಈ ಕೋಟು ಯಾರದು, ಈ ಮೆಟ್ಟು ಯಾರದು? ಅವಳಿಗೂ ಗೊತ್ತಿಲ್ಲ. ಜಗಳವಾಯಿತು. ಗಂಡ ಕಂಬಳಿ ಹಿಡಿದು ಹನುಮಪ್ಪನ ಗುಡಿಗೆ ಮಲಗಲು ಹೋದ. ಅವಳು ಒಬ್ಬಳೇ ಕೂತು ಯೋಚಿಸಿ, ಏನೂ ತಿಳಿಯದೆ, ದೀಪ ಆರಿಸಿ ಮಲಗಿದಳು.

ಆ ಊರಿನ ದೀಪಗಳಿಗೆ ಒಂದು ಅಭ್ಯಾಸ ಇತ್ತು. ಮನೆಯಲ್ಲಿ ಆರಿಸಿದ ಮೇಲೆ ಅವೆಲ್ಲ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ಆ ರಾತ್ರಿ ಒಂದು ದೀಪ ತಡವಾಗಿ ಬಂತು. ಯಾಕೆ ತಡ ಅಂದಾಗ ಮನೆಯ ಜಗಳ ಹೇಳಿತು, ಕಥೆ ಹಾಡುಗಳು ಸೇಡು ತೀರಿಸಿಕೊಂಡದ್ದನ್ನೂ ಹೇಳಿತು. ಕಂಬಳಿಯೊಳಗಿದ್ದ ಗಂಡನಿಗೆ ಎಲ್ಲ ಕೇಳಿಸಿತು. ಬೆಳಗ್ಗೆ ಮನೆಗೆ ಬಂದು ಹೆಂಡತಿಯನ್ನು ಆ ಕಥೆ, ಆ ಹಾಡಿನ ಬಗ್ಗೆ ಕೇಳಿದ. ಅವಳಿಗೆ ಎರಡೂ ಮರೆತುಹೋಗಿದ್ದವು. "ಯಾವ ಕಥೆ? ಯಾವ ಹಾಡು?" ಅಂದಳು.

ಕಥೆ ಇಷ್ಟೇ. ಕನ್ನಡದಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಎ. ಕೆ. ರಾಮಾನುಜನ್ ಅವರು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಹೊರಗಿನವರಿಗೂ ಪರಿಚಯವಾಗಿದೆ. ನಾವು ಮೂರು ಜನ ಇದನ್ನು ಪುಟ್ಟ ಅನಿಮೇಷನ್ ಚಿತ್ರ ಮಾಡಲು ಹೊರಟೆವು. ಚಿತ್ರಕಥೆ ನನ್ನದು. ನಿರ್ದೇಶಕಿಯೇ ಅನಿಮೇಷನ್ ಬಿಡಿಸುವವಳು. ಮೂರನೆಯವನು ಹಿನ್ನೆಲೆ ಚಿತ್ರ ಮತ್ತು ಧ್ವನಿ ನೋಡಿಕೊಂಡ.

ಬರೆಯುವ ಮೊದಲು ಒಂದು ಕೆಲಸ ಮಾಡಿದೆ. ಅಚ್ಚಾದ ಪಾಠಗಳನ್ನೆಲ್ಲ ಮುಚ್ಚಿಟ್ಟು ಕಥೆಯನ್ನು ನೆನಪಿನಿಂದ ಹನ್ನೆರಡು ಸಾಲಿನಲ್ಲಿ ಬರೆದೆ. ಇದಕ್ಕೆ ಎರಡು ಕಾರಣ. ಜನಪದ ಕಥೆ ಎಲ್ಲರದು, ಆದರೆ ಒಬ್ಬರು ಬರೆದು ಅಚ್ಚು ಹಾಕಿಸಿದ ಮಾತುಗಳು ಅವರವು. ಅವರ ವಾಕ್ಯ, ಅವರು ಸೇರಿಸಿದ ವಿವರ ನನ್ನ ಚಿತ್ರಕಥೆಗೆ ನುಸುಳಬಾರದು. ಇನ್ನೊಂದು, ನೆನಪಿನಲ್ಲಿ ಉಳಿದದ್ದು ಹೆಚ್ಚಾಗಿ ಚಿತ್ರವಾಗಿ ಉಳಿದಿರುತ್ತದೆ. ನನ್ನ ಹನ್ನೆರಡು ಸಾಲಿನಲ್ಲಿ ಗೂಟಕ್ಕೆ ನೇತ ಕೋಟು ಇತ್ತು, ಗುಡಿಗೆ ಹೋಗುವ ದೀಪಗಳಿದ್ದವು. ಅವರು ಯಾವ ಊರಿನವರು, ಗಂಡ ಏನು ಕೆಲಸ ಮಾಡುತ್ತಿದ್ದ ಅನ್ನುವುದು ಇರಲಿಲ್ಲ. ಚಿತ್ರಕ್ಕೂ ಅವು ಬೇಕಾಗಲಿಲ್ಲ.

ಮೊದಲ ಕರಡು ಎಲ್ಲಿ ಮುರಿಯಿತು

ಮೊದಲ ಕರಡಿನಲ್ಲಿ ಪಾತ್ರಗಳು ಜಾಸ್ತಿಯಾಗಿದ್ದವು. ಹೆಂಡತಿ, ಗಂಡ, ಕಥೆ ಹೇಳು ಅಂತ ಪೀಡಿಸುವ ಪಕ್ಕದ ಮನೆಯ ಹುಡುಗಿ, ಹಾಡು ಅಂತ ಕರೆಯುವ ನೆರೆಯವಳು, ಬೇರೆ ಬೇರೆ ಸ್ವಭಾವದ ಐದು ದೀಪಗಳು. ಒಟ್ಟು ಒಂಬತ್ತು. ಜೊತೆಗೆ ಒಬ್ಬ ನಿರೂಪಕನ ದನಿ. ಓದಲು ಚೆನ್ನಾಗಿತ್ತು. ಮೂವರೂ ಮೆಚ್ಚಿಕೊಂಡೆವು.

ನಿರ್ದೇಶಕಿ ಲೆಕ್ಕ ಹಾಕಿದಾಗ ಮೊದಲ ಪೆಟ್ಟು ಬಿತ್ತು. ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೆ ಸೆಕೆಂಡಿಗೆ 12 ಚಿತ್ರ ಸಾಕು. ಕೈಯಿಂದ ಬಿಡಿಸುವ ಅನಿಮೇಷನ್‌ನಲ್ಲಿ ಇದು ಸಾಮಾನ್ಯ ಪದ್ಧತಿ. ನಾಲ್ಕು ನಿಮಿಷದ ಚಿತ್ರದಲ್ಲಿ ಒಂದೇ ಒಂದು ಪಾತ್ರ ನಿಲ್ಲದೆ ಚಲಿಸಿದರೂ 2,880 ಚಿತ್ರ ಬೇಕು. ಇಬ್ಬರು ಒಟ್ಟಿಗೆ ಚಲಿಸಿದರೆ ಅದರ ಎರಡರಷ್ಟು. ಇದಲ್ಲದೆ ಪ್ರತಿ ಪಾತ್ರಕ್ಕೂ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತದೆ ಅನ್ನುವ ಮಾದರಿ ಹಾಳೆ ಬೇಕು. ಮಾತಾಡುವ ಪಾತ್ರವಾದರೆ ತುಟಿಗಳ ಆಕಾರಗಳೂ ಬೇಕು. ನಾನು ಸುಮ್ನೆ "ನೆರೆಯವಳು ಬಾಗಿಲಲ್ಲಿ ಇಣುಕುತ್ತಾಳೆ" ಅಂತ ಒಂದು ಸಾಲು ಬರೆದಿದ್ದೆ. ನಿರ್ದೇಶಕಿಗೆ ಅದು ಎರಡು ವಾರದ ಕೆಲಸ.

ಆದರೂ ಕರಡನ್ನು ಕೈಬಿಡಲು ಕೆಲಸದ ಭಾರವೇ ಕಾರಣ ಆಗಲಿಲ್ಲ. ನಾವು ಮೊದಲು ಅದರ ಆನಿಮ್ಯಾಟಿಕ್ ಮಾಡಿದೆವು. ಒರಟು ಚಿತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಪ್ರತಿಯೊಂದೂ ಎಷ್ಟು ಸೆಕೆಂಡ್ ನಿಲ್ಲಬೇಕೋ ಅಷ್ಟು ನಿಲ್ಲಿಸಿ ಮಾಡಿದ ವಿಡಿಯೊ ಅದು. ಅಳತೆ 6 ನಿಮಿಷ 40 ಸೆಕೆಂಡ್ ಬಂತು. ಅದನ್ನು ಕಥೆ ಗೊತ್ತಿಲ್ಲದ ನಾಲ್ಕು ಜನರಿಗೆ ಧ್ವನಿ ತೆಗೆದು ತೋರಿಸಿದೆವು. ನೋಡಿದ್ದನ್ನು ತಿರುಗಿ ಹೇಳಿ ಅಂದೆವು. ಇಷ್ಟವಾಯಿತಾ ಅಂತ ಕೇಳಲಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೌದು ಅನ್ನುತ್ತಾರೆ.

ನಾಲ್ವರಲ್ಲಿ ಇಬ್ಬರು ಹೇಳಿದ್ದು ಇದು: ಆ ಹೆಂಗಸಿಗೆ ಬೇರೊಬ್ಬ ಗಂಡಸಿನ ಸಂಬಂಧ ಇದೆ, ಗಂಡನಿಗೆ ಗೊತ್ತಾಯಿತು.

ಇದನ್ನು ಕೇಳಿ ನನಗೆ ನಿಜಕ್ಕೂ ನೋವಾಯಿತು. ಕಥೆ ಅವಳ ಮೇಲೆ ಬಂದ ಸುಳ್ಳು ಅನುಮಾನದ ಬಗ್ಗೆ. ನಮ್ಮ ಚಿತ್ರ ಆ ಅನುಮಾನದ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ಎಲ್ಲಿ ತಪ್ಪಾಯಿತು ಅಂತ ಒಂದೊಂದೇ ಚಿತ್ರ ತೆಗೆದು ನೋಡಿದೆವು. ಅವಳ ಬಾಯಿಂದ ಬೆಳ್ಳಗಿನ ಹೊಗೆಯಂಥದ್ದು ಹೊರಬರುತ್ತದೆ. ಅಲ್ಲಿಗೆ ಆ ಶಾಟ್ ಮುಗಿಯುತ್ತದೆ. ಮುಂದಿನ ಶಾಟ್‌ನಲ್ಲಿ ಗೂಟದ ಮೇಲೆ ಕೋಟು ಇದೆ. ಬರೆಯುವಾಗ ನಡುವೆ "ಹಾಡು ಕೋಟಾಗುತ್ತದೆ" ಅಂತ ಒಂದು ವಾಕ್ಯ ಇತ್ತು. ತೆರೆಯ ಮೇಲೆ ಆ ವಾಕ್ಯ ಇಲ್ಲ. ಹೊಗೆಯನ್ನು ನೋಡಿದವರು ಅವಳ ಉಸಿರು ಅಂದುಕೊಂಡರು. ಕೋಟನ್ನು ನೋಡಿದವರು ಯಾರೋ ಬಂದಿದ್ದಾರೆ ಅಂದುಕೊಂಡರು. ನಿರೂಪಕನ ದನಿ ಇದ್ದಿದ್ದರೆ ಈ ಬಿರುಕು ಮುಚ್ಚಿಹೋಗುತ್ತಿತ್ತು, ನಮಗೆ ಕಾಣುತ್ತಲೂ ಇರಲಿಲ್ಲ.

ಯಾರಿಗೆ ಏನು ಗೊತ್ತು

ಆ ಸಂಜೆ ನಾನು ಹನ್ನೆರಡು ಸಾಲಿನ ಹಾಳೆ ತೆಗೆದು ಪ್ರತಿ ಸಾಲಿನ ಪಕ್ಕ ನಾಲ್ಕು ಕಲಂ ಎಳೆದೆ. ಹೆಂಡತಿ, ಗಂಡ, ದೀಪ, ನೋಡುಗ. ಆ ಗಳಿಗೆಯಲ್ಲಿ ಯಾರಿಗೆ ಏನು ಗೊತ್ತಿದೆ ಅಂತ ತುಂಬುತ್ತಾ ಹೋದೆ. ಆಗ ಈ ಕಥೆಯ ಕಟ್ಟಡ ಕಣ್ಣಿಗೆ ಕಂಡಿತು. ಇದರಲ್ಲಿ ಘಟನೆ ಬಹಳ ಕಡಿಮೆ. ಒಬ್ಬಳು ಮಲಗುತ್ತಾಳೆ, ಒಬ್ಬ ಸಿಟ್ಟಾಗಿ ಹೋಗುತ್ತಾನೆ, ಮರಳಿ ಬರುತ್ತಾನೆ. ನಿಜವಾಗಿ ಚಲಿಸುವುದು ತಿಳಿವಳಿಕೆ. ಒಳಗೆ ಕಥೆ ಇರುವುದು ಹೆಂಡತಿಗೆ ಗೊತ್ತು, ಅದು ಹೊರಬಿದ್ದದ್ದು ಗೊತ್ತಿಲ್ಲ. ಹೊರಬಿದ್ದ ವಸ್ತು ಗಂಡನ ಕಣ್ಣಿಗೆ ಬಿದ್ದಿದೆ, ಅದು ಕಥೆ ಅಂತ ಗೊತ್ತಿಲ್ಲ. ಎರಡೂ ಗೊತ್ತಿರುವುದು ದೀಪಕ್ಕೆ ಮಾತ್ರ. ಕೊನೆಗೆ ಗಂಡನಿಗೆ ಗೊತ್ತಾಗುವ ಹೊತ್ತಿಗೆ ಅವಳಿಂದ ಅದು ಹೋಗಿಬಿಟ್ಟಿದೆ.

ಹಾಗಾದರೆ ಚಿತ್ರಕಥೆಯ ಒಂದು ಹೆಜ್ಜೆ, ಅಂದರೆ ಒಂದು ಬೀಟ್, ಏನು ಅನ್ನುವುದೂ ಈ ಕಥೆಯ ಮಟ್ಟಿಗೆ ತೀರ್ಮಾನವಾಯಿತು. ಈ ನಾಲ್ವರಲ್ಲಿ ಯಾರಿಗಾದರೂ ಹೊಸದೇನೋ ಗೊತ್ತಾದರೆ, ಅಥವಾ ಗೊತ್ತಿದ್ದದ್ದು ತಪ್ಪಿಹೋದರೆ ಅದು ಒಂದು ಬೀಟ್. ಯಾವ ಕಲಂನಲ್ಲೂ ಏನೂ ಬದಲಾಗದ ಭಾಗ ಎಷ್ಟೇ ಚೆಂದವಾಗಿದ್ದರೂ ಬೀಟ್ ಅಲ್ಲ. ನಾನು ಪ್ರೀತಿಯಿಂದ ಬರೆದಿದ್ದ ಗಂಡನ ದಾರಿ, ಕತ್ತಲಲ್ಲಿ ನಾಯಿಗಳು, ಗುಡಿಯ ಗಂಟೆ ಎಲ್ಲ ಆವತ್ತೇ ಹೋದವು.

ಪಾತ್ರಗಳನ್ನೂ ಇದೇ ಹಾಳೆ ತೆಗೆದುಹಾಕಿತು. ಪಕ್ಕದ ಮನೆಯ ಹುಡುಗಿ ಕಥೆ ಹೇಳು ಅಂತ ಕೇಳಿದರೆ, ಅವಳಿಗೂ ಇವಳ ಹತ್ತಿರ ಕಥೆ ಇದೆ ಅಂತ ಗೊತ್ತು ಎಂದಾಯಿತು. ಆಗ ದೀಪ ಮಾತ್ರ ಬಲ್ಲ ಗುಟ್ಟು ಅನ್ನುವುದು ಉಳಿಯುವುದಿಲ್ಲ. ನೆರೆಯವಳದ್ದೂ ಅದೇ ಕತೆ. ನಮ್ಮ ಧ್ವನಿಯ ಗೆಳೆಯ, ಹುಡುಗಿ ಬೇಡ ಅಂದರೆ ಗಂಡನೇ ಕೇಳಲಿ ಅಂದ. ಅದು ಇನ್ನೂ ಕೆಟ್ಟದು. ಗಂಡನಿಗೆ ಮೊದಲೇ ಗೊತ್ತಿದ್ದರೆ ಗುಡಿಯಲ್ಲಿ ಅವನು ಕದ್ದು ಕೇಳಲು ಏನಿದೆ? ಕೊನೆಗೆ ಹೆಂಡತಿ, ಗಂಡ, ಒಂದು ದೀಪ ಉಳಿದವು. ಉಳಿದ ದೀಪಗಳು ಒಂದು ಗುಂಪು. ಕೋಟು, ಮೆಟ್ಟು ವಸ್ತುಗಳು.

ಆದರೆ ಒಂದು ತೊಂದರೆ ಎದ್ದಿತು. ಯಾರೂ ಕೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಹಾಗಾದರೆ ಅವಳ ಒಳಗೆ ಕಥೆ ಇದೆ ಅಂತ ನೋಡುಗನಿಗೆ ಹೇಗೆ ತಿಳಿಯಬೇಕು? ಬಾಯಲ್ಲಿ ಹೇಳುವವರಿಗೆ ಇದು ಅರ್ಧ ವಾಕ್ಯ. ನಮಗೆ ಇಡೀ ಚಿತ್ರದ ಕಷ್ಟದ ಜಾಗ.

ದಾರಿ ಸಿಕ್ಕಿದ್ದು ಬೀಸುವ ಕಲ್ಲಿನ ಮುಂದೆ. ಬೀಸುವಾಗ ಹಾಡು ತಾನಾಗಿ ಬರುತ್ತದೆ, ಕಲ್ಲಿನ ಸುತ್ತೇ ಅದಕ್ಕೆ ತಾಳ. ಬೀಸುತ್ತಾ ಬಾಯಿ ಬಿಗಿ ಹಿಡಿದ ಹೆಂಗಸನ್ನು ತೋರಿಸಿದರೆ ಏನೋ ತಡೆದಿದ್ದಾಳೆ ಅಂತ ನೋಡಿದವರಿಗೆ ಗೊತ್ತಾಗುತ್ತದೆ. ಬೀಸುವುದು ಬೆಳಕು ಹರಿಯುವ ಮೊದಲು, ಅಂದರೆ ಪಕ್ಕದಲ್ಲಿ ದೀಪ ಇರಲೇಬೇಕು. ಹೀಗೆ ಮೊದಲ ಶಾಟ್‌ನಲ್ಲೇ ಸಾಕ್ಷಿಯೂ ಬಂದು ಕೂತಿತು. ಆಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು: ಮನೆಯೊಳಗಿನ ಯಾವ ಶಾಟ್‌ನಲ್ಲೂ ದೀಪ ಚೌಕಟ್ಟಿನ ಹೊರಗೆ ಹೋಗಬಾರದು. ಮುಂದೆ ಅದು ಗುಡಿಯಲ್ಲಿ ಎಲ್ಲವನ್ನೂ ಹೇಳುವಾಗ, ಇದಕ್ಕೆ ಹೇಗೆ ಗೊತ್ತಾಯಿತು ಅಂತ ಯಾರೂ ಕೇಳುವ ಹಾಗಿಲ್ಲ.

ಚಿತ್ರಕಥೆಯ ಆ ಭಾಗ ಹೀಗಿದೆ:

> ಒಳಮನೆ. ನಸುಕು. ದೀಪ ಎಡಕ್ಕೆ, ಕಲ್ಲು ನಡುವೆ. ಕ್ಯಾಮೆರಾ ಅಲ್ಲಾಡುವುದಿಲ್ಲ.
> ಅವಳು ಬೀಸುತ್ತಾಳೆ. ಮೂರು ಸುತ್ತು.
> ನಾಲ್ಕನೇ ಸುತ್ತಿಗೆ ಎದೆಯಿಂದ ಒಂದು ಅಲೆಗೆರೆ ಮೇಲೇಳುತ್ತದೆ. ಕತ್ತಿಗೆ ಬರುತ್ತದೆ. ತುಟಿ ಬಿಚ್ಚುತ್ತದೆ.
> ಕಲ್ಲು ಅರ್ಧ ಸುತ್ತಿಗೆ ನಿಲ್ಲುತ್ತದೆ. ಸದ್ದಿಲ್ಲ.
> ಅವಳು ತುಟಿ ಕಚ್ಚಿ ನುಂಗುತ್ತಾಳೆ. ಅಲೆಗೆರೆ ಕೆಳಗಿಳಿಯುತ್ತದೆ.
> ದೀಪ ಒಮ್ಮೆ ಅವಳ ಕಡೆ ವಾಲುತ್ತದೆ.
> ಕಲ್ಲು ಮತ್ತೆ ತಿರುಗುತ್ತದೆ. (35 ಸೆಕೆಂಡ್)

ಇದರಲ್ಲಿ "ಅವಳಿಗೆ ಹಾಡಬೇಕು ಅನ್ನಿಸುತ್ತದೆ" ಅನ್ನುವಂಥ ವಾಕ್ಯ ಒಂದೂ ಇಲ್ಲ. ಬಿಡಿಸುವವಳು ಅನ್ನಿಸಿಕೆಯನ್ನು ಬಿಡಿಸಲಾರಳು. ತುಟಿ, ಕತ್ತು, ಕಲ್ಲು, ಗೆರೆ ಇವುಗಳನ್ನು ಬಿಡಿಸಬಲ್ಲಳು. ಮೊದಲ ಕರಡಿನಲ್ಲಿ ಇಂಥ ಅನ್ನಿಸಿಕೆಯ ವಾಕ್ಯಗಳಿಗೆಲ್ಲ ಕೆಂಪು ಗೆರೆ ಎಳೆದೆ. ಹತ್ತೊಂಬತ್ತು ಸಿಕ್ಕವು.

ಬಣ್ಣದ ಬದಲು ಆಕಾರ

ಬಾಯಿಂದ ಬಿದ್ದದ್ದೇ ಕೋಟಾಯಿತು, ಮೆಟ್ಟಾಯಿತು ಅಂತ ಗೊತ್ತಾಗಲು ಒಂದು ಗುರುತು ಬೇಕಿತ್ತು. ಮೊದಲು ಬಣ್ಣ ಪ್ರಯತ್ನಿಸಿದೆವು. ಕಥೆಗೆ ಹಳದಿ, ಹಾಡಿಗೆ ನೀಲಿ, ಉಳಿದ ಇಡೀ ಮನೆ ಮಣ್ಣಿನ ಬಣ್ಣ. ಹಗಲಿನ ದೃಶ್ಯದಲ್ಲಿ ಚೆನ್ನಾಗಿ ಕಾಣಿಸಿತು. ಆದರೆ ಚಿತ್ರದ ಹೆಚ್ಚಿನ ಭಾಗ ನಡೆಯುವುದು ದೀಪದ ಬೆಳಕಿನಲ್ಲಿ. ಆ ಬೆಳಕಿನಲ್ಲಿ ಗೋಡೆಯೂ ಹಳದಿ, ಅವಳ ಮುಖವೂ ಹಳದಿ, ದೀಪವಂತೂ ಹಳದಿಯೇ. ಕಥೆಯ ಹಳದಿ ಅದರಲ್ಲಿ ಕರಗಿಹೋಯಿತು. ಹಳದಿ ಬೆಳಕಿಗೆ ನೀಲಿ ಬೂದಿಯಾಗಿ ಕಂಡಿತು. ದೀಪದ ಬೆಳಕಿದ್ದರೂ ನೀಲಿಯನ್ನು ನೀಲಿಯಾಗೇ ಇಡಬಹುದು, ಆಗ ಆ ಕೋಟು ಆ ಕೋಣೆಯಲ್ಲಿ ಇಲ್ಲದ ಹಾಗೆ, ಮೇಲಿಂದ ಅಂಟಿಸಿದ ಹಾಗೆ ಕಾಣುತ್ತದೆ.

ನಿರ್ದೇಶಕಿ ಬಣ್ಣವನ್ನೇ ಬಿಟ್ಟಳು. ಕಥೆಗೆ ಒಂದು ಸುರುಳಿ, ಹಾಡಿಗೆ ಒಂದು ಅಲೆಗೆರೆ ಕೊಟ್ಟಳು. ಸುರುಳಿ ನೆಲಕ್ಕೆ ಬಿದ್ದು ಎರಡಾಗಿ ಸೀಳಿ, ಮೊನೆ ಸುರುಳಿ ಸುತ್ತಿದ ಹಳೆ ಕಾಲದ ಮೆಟ್ಟಾಗುತ್ತದೆ. ಅಲೆಗೆರೆ ಗಾಳಿಯಲ್ಲಿ ತೇಲಿ ಗೂಟಕ್ಕೆ ಸಿಕ್ಕಿ, ಕೋಟಿನ ಅಂಚಾಗುತ್ತದೆ. ಎಷ್ಟೇ ಕತ್ತಲಿದ್ದರೂ ಹೊರಗೆರೆ ಕಾಣುತ್ತದೆ. ಇಡೀ ಚಿತ್ರದಲ್ಲಿ ಸುರುಳಿ, ಅಲೆ ಬೇರೆಲ್ಲೂ ಬರಬಾರದು ಅಂತ ಹಿನ್ನೆಲೆ ಬಿಡಿಸುವವನಿಗೆ ಹೇಳಿದೆವು. ಪಾಪ, ಅವನು ಗುಡಿಯ ಕಂಬದ ಮೇಲೆ ಬಿಡಿಸಿದ್ದ ಚೆಂದದ ಬಳ್ಳಿ ಕೆತ್ತನೆಯನ್ನು ಅಳಿಸಬೇಕಾಯಿತು.

ಹೊರಬೀಳುವ ದೃಶ್ಯಕ್ಕೆ ಇನ್ನೊಂದು ನಿಯಮ: ನಡುವೆ ಕಟ್ ಇಲ್ಲ. ಮಲಗಿದ ಅವಳ ಬಾಯಿಂದ ಹಿಡಿದು ಗೂಟದವರೆಗೆ, ಹೊಸ್ತಿಲವರೆಗೆ ಒಂದೇ ಅಗಲ ಶಾಟ್, 40 ಸೆಕೆಂಡ್. ಕಟ್ ಮಾಡಿದ ಕೂಡಲೇ ನೋಡುಗನ ಮನಸ್ಸು ನಡುವೆ ಸಮಯ ಕಳೆದಿದೆ, ಯಾರೋ ಬಂದಿದ್ದಾರೆ ಅಂತ ತುಂಬಿಕೊಳ್ಳುತ್ತದೆ. ಮೊದಲ ಸಲ ಆದದ್ದು ಅದೇ ಅಲ್ವಾ? ಇಡೀ ಚಿತ್ರದ ಅತಿ ಹೆಚ್ಚು ಹೊಸ ಚಿತ್ರಗಳನ್ನು ಈ ಶಾಟ್‌ಗೇ ಖರ್ಚು ಮಾಡಿದೆವು. ಅವಳು ಮಲಗಿಯೇ ಇರುವುದರಿಂದ ಅವಳಿಗೆ ಒಂದೇ ಚಿತ್ರ, ಎದೆಯ ಏರಿಳಿತ ಮಾತ್ರ. ಶಕ್ತಿಯೆಲ್ಲ ಆ ಎರಡು ಗೆರೆಗಳಿಗೆ ಹೋಯಿತು.

ಜಗಳ, ಮತ್ತು ಅದರ ಹಿಂದಿನ ಕಿಟಕಿಗಳು

ಜಗಳದ ದೃಶ್ಯದಲ್ಲಿ ಮೊದಲು ಎರಡು ಪುಟ ಮಾತಿತ್ತು. ಈಗ ನಾಲ್ಕು ಸಾಲು. "ಯಾರು ಬಂದಿದ್ರು?" "ಯಾರೂ ಇಲ್ಲ." "ಮತ್ತೆ ಇದು ಯಾರ್ದು?" "ನಂಗೂ ಗೊತ್ತಿಲ್ಲ." ಆಮೇಲೆ ಮಾತು ನಿಲ್ಲುತ್ತದೆ, ಜಗಳ ನಿಲ್ಲುವುದಿಲ್ಲ. ತೆರೆದ ಬಾಗಿಲಿನ ಎರಡು ಬದಿಗೆ ಇಬ್ಬರೂ ನಿಂತಿದ್ದಾರೆ, ಬಾಗಿಲ ಆಚೆ ಊರಿನ ಹನ್ನೊಂದು ಕಿಟಕಿಗಳಲ್ಲಿ ಬೆಳಕು. ಒಂದೊಂದೇ ಆರುತ್ತದೆ. ಹನ್ನೊಂದೂ ಆರಿದಾಗ ಗಂಡ ಕಂಬಳಿ ಎಳೆದುಕೊಂಡು ಹೊರಡುತ್ತಾನೆ.

ಈ ಕಿಟಕಿಗಳ ಬಗ್ಗೆ ನನಗೆ ಈಗಲೂ ಖುಷಿ ಇದೆ. ಕಥೆಯಲ್ಲಿ ದೀಪ ಗುಡಿಗೆ ತಡವಾಗಿ ಬಂದದ್ದಕ್ಕೆ ಜಗಳ ಕಾರಣ ಅಂತ ದೀಪವೇ ಹೇಳುತ್ತದೆ. ನಮ್ಮಲ್ಲಿ ಅದು ಹೇಳುವ ಮೊದಲೇ ನೋಡುಗ ಕಂಡಿರುತ್ತಾನೆ. ಜಗಳ ಎಷ್ಟು ಹೊತ್ತು ನಡೆಯಿತು ಅನ್ನುವುದೂ ತಿಳಿಯುತ್ತದೆ. ಬಿಡಿಸಿದ್ದು ಒಂದು ಹಿನ್ನೆಲೆ, ಹನ್ನೊಂದು ಪುಟ್ಟ ಹಳದಿ ಚೌಕ ಮಾತ್ರ. ಅವನ್ನು ಒಂದೊಂದೇ ಮರೆಮಾಡಿದರೆ ಆಯಿತು.

ದೀಪ ಆರಿದ ಮೇಲೆ ಏನಾಗುತ್ತದೆ ಅನ್ನುವುದು ಎರಡನೇ ಆನಿಮ್ಯಾಟಿಕ್‌ನಲ್ಲಿ ಸರಿಯಾಗಿರಲಿಲ್ಲ. ಐದು ಹೊಸ ಜನರಿಗೆ ಮತ್ತೆ ಧ್ವನಿ ಇಲ್ಲದೆ ತೋರಿಸಿದೆವು. ಕೋಟು, ಮೆಟ್ಟು ಅವಳ ಬಾಯಿಂದಲೇ ಬಂದವು ಅಂತ ಐವರೂ ಹೇಳಿದರು. ಅಲ್ಲಿಗೆ ದೊಡ್ಡ ತಪ್ಪು ಸರಿಯಾಗಿತ್ತು. ಆದರೆ ಗುಡಿಯಲ್ಲಿ ಸೇರಿದ ದೀಪಗಳನ್ನು ಮೂವರು ಮಿಣುಕುಹುಳು ಅಂದರು. ಅವಳು ದೀಪ ಊದುವ ಶಾಟ್ ಮುಗಿದು ಗುಡಿಯ ಶಾಟ್ ಶುರುವಾಗುತ್ತಿತ್ತು. ಮತ್ತೆ ಅದೇ ರೋಗ, ಬದಲಾವಣೆ ಕಟ್‌ನಲ್ಲಿ ಬಿದ್ದುಹೋಗಿತ್ತು. ಆ ಶಾಟ್ ಮತ್ತೆ ಬರೆದೆ. ಅವಳು ಊದುತ್ತಾಳೆ, ಬತ್ತಿಯಿಂದ ಹೊಗೆ ಏಳುತ್ತದೆ, ಹೊಗೆಯ ತುದಿಯಲ್ಲಿ ಅದೇ ಪುಟ್ಟ ಜ್ವಾಲೆ ಮತ್ತೆ ಕಣ್ಣು ಬಿಡುತ್ತದೆ, ಕಿಟಕಿಯ ಸಂದಿಯಿಂದ ನುಸುಳಿ ಹೊರಗೆ ಓಡುತ್ತದೆ. ಎಲ್ಲ ಒಂದೇ ಶಾಟ್.

ಬಾಯಿಲ್ಲದ ಹೇಳುಗ

ಗುಡಿಯ ದೃಶ್ಯ ಮೂಲದಲ್ಲಿ ಪೂರ್ತಿ ಮಾತು. ಹರಟೆಯೇ ಅದರ ಸೊಗಸು. ಅದನ್ನು ಪೂರಾ ಮೂಕ ಮಾಡಲು ನನಗೆ ಮನಸ್ಸಾಗಲಿಲ್ಲ. ಎರಡು ಸಾಲು ಉಳಿಸಿದೆ. "ಯಾಕಿಷ್ಟು ತಡ?" "ನಮ್ಮನೇಲಿ ಜಗಳ." ದೀಪಗಳಿಗೆ ಬಾಯಿಲ್ಲ, ಹಾಗಾಗಿ ತುಟಿ ಹೊಂದಿಸುವ ಕೆಲಸವೂ ಇಲ್ಲ. ಮಾತಾಡುವಾಗ ಜ್ವಾಲೆ ಸ್ವಲ್ಪ ಎತ್ತರವಾಗುತ್ತದೆ, ಅಷ್ಟೇ.

ಇದಾದ ಮೇಲೆ ದೀಪ ತನ್ನ ಮೈಯಿಂದಲೇ ಕಥೆ ಹೇಳುತ್ತದೆ. ಜ್ವಾಲೆ ತುಟಿ ಬಿಗಿದ ಒಂದು ಮುಖವಾಗುತ್ತದೆ. ಒಳಗೆ ಅಲೆಗೆರೆ ಏಳುತ್ತದೆ, ಇಳಿಯುತ್ತದೆ. ಸುರುಳಿ ಏಳುತ್ತದೆ, ಇಳಿಯುತ್ತದೆ. ಮುಖ ಮಲಗುತ್ತದೆ, ಬಾಯಿ ತೆರೆಯುತ್ತದೆ, ಎರಡೂ ಹೊರಗೆ. ಸುರುಳಿ ಮೆಟ್ಟು, ಅಲೆ ಕೋಟು. 40 ಸೆಕೆಂಡ್. ಮೊದಲ ಎರಡು ನಿಮಿಷದಲ್ಲಿ ನೋಡುಗ ಕಲಿತ ಗುರುತುಗಳೇ ಇಲ್ಲಿ ಮಾತಾಗುತ್ತವೆ. ಕಂಬಳಿಯ ಮಡಿಕೆಯಲ್ಲಿ ಗಂಡನ ಒಂದು ಕಣ್ಣು ಕಾಣುತ್ತದೆ. ಆ ಕಣ್ಣಿನೊಳಗೆ ಸುರುಳಿ ಹೊಳೆದಾಗ ಅವನಿಗೆ ಗೊತ್ತಾಯಿತು ಅಂತ ಅರ್ಥ.

ಗುಂಪಿನ ದೀಪಗಳಿಗೆ ನಿರ್ದೇಶಕಿ ಎಂಟು ಚಿತ್ರಗಳ ಒಂದು ಸುತ್ತು ಬಿಡಿಸಿದಳು. ಅದನ್ನೇ ಚಿಕ್ಕದು ದೊಡ್ಡದು ಮಾಡಿ ಎಲ್ಲ ದೀಪಗಳಿಗೂ ಬಳಸಿದಳು. ಒಂದು ಎಚ್ಚರ ಬೇಕು, ಪ್ರತಿ ದೀಪವೂ ಸುತ್ತಿನ ಬೇರೆ ಚಿತ್ರದಿಂದ ಶುರುವಾಗಬೇಕು. ಎಲ್ಲವೂ ಒಂದರಿಂದಲೇ ಶುರುವಾದರೆ ಗುಂಪು ಕವಾಯತು ಮಾಡುವ ಹಾಗೆ ಒಟ್ಟಿಗೆ ಬಳುಕುತ್ತದೆ. ತಡವಾಗಿ ಬಂದ ನಮ್ಮ ದೀಪಕ್ಕೆ ಮಾತ್ರ ತುದಿಯಲ್ಲಿ ಸ್ವಲ್ಪ ಮಸಿ ಇದೆ. ಮೊದಲ ಶಾಟ್‌ನಿಂದಲೇ ಇದೆ.

ಕೊನೆ

ಕೊನೆಯ ಬಗ್ಗೆ ಮೂವರೂ ಒಂದು ವಾರ ವಾದ ಮಾಡಿದೆವು. ಧ್ವನಿಯ ಗೆಳೆಯ ಒಂದು ರಾಗ ಕಟ್ಟಿದ್ದ. ಕೊನೆಗೆ ಅವಳು ಹಾಡಲಿ, ಜನರಿಗೆ ಸಮಾಧಾನ ಆಗಲಿ ಅಂದ. ರಾಗ ನಿಜವಾಗಿಯೂ ಚೆನ್ನಾಗಿತ್ತು. ಆದರೆ ಅವಳು ಹಾಡಿಬಿಟ್ಟರೆ ಕಳೆದುಹೋದದ್ದು ಏನೂ ಇಲ್ಲ ಎಂದಾಗುತ್ತದೆ. ಹಾಡು ಎಂಥದ್ದು ಅಂತ ನೋಡುಗನಿಗೆ ಕೇಳಿಸಲೇಬಾರದು. ಕೇಳಿಸಿಕೊಳ್ಳದ್ದರ ನಷ್ಟ ಅವನಿಗೂ ತಾಗಬೇಕು. ರಾಗ ಬಿಟ್ಟೆವು.

ನಾನೂ ಒಂದು ಕೊನೆ ಬರೆದಿದ್ದೆ. ಗಂಡನ ಕತ್ತಿನಲ್ಲಿ ಸುರುಳಿ ಏಳುತ್ತದೆ, ದೀಪ ಹೇಳಿದ ಕಥೆ ಈಗ ಅವನ ಒಳಗಿದೆ, ಹೇಳಲು ಬಾಯಿ ತೆರೆಯುತ್ತಾನೆ. ಬರೆದಾಗ ಹೆಮ್ಮೆ ಅನ್ನಿಸಿತ್ತು. ನಿರ್ದೇಶಕಿ ಓದಿ, "ಕಥೆ ಅವಳದಲ್ವಾ, ಕೊನೆಗೆ ಅವನ ಕೈಗೆ ಯಾಕೆ ಕೊಟ್ಟೆ?" ಅಂದಳು. ಅವಳ ಮಾತು ಸರಿ ಅನ್ನಿಸಿತು, ಅದೇ ದಿನ ತೆಗೆದೆ.

ಇನ್ನೊಂದು ಪ್ರಶ್ನೆಗೆ ಮೂಲದಲ್ಲಿ ಉತ್ತರ ಇಲ್ಲ. ಕೋಟು, ಮೆಟ್ಟು ಏನಾದವು? ಕೇಳುವವರಿಗೆ ಅದು ಹೊಳೆಯುವುದೇ ಇಲ್ಲ, ನೋಡುವವರಿಗೆ ಹೊಳೆಯುತ್ತದೆ. ಗೂಟ ಚೌಕಟ್ಟಿನಲ್ಲಿ ಇದ್ದೇ ಇರುತ್ತದಲ್ಲ. ಮೆಟ್ಟುಗಳು ತಾವೇ ನಡೆದುಹೋಗುವುದನ್ನು ಬಿಡಿಸಲು ನಿರ್ದೇಶಕಿಗೆ ಬಹಳ ಆಸೆ ಇತ್ತು. ಆದರೆ ಎಲ್ಲರ ಕಣ್ಣೂ ಅದರ ಹಿಂದೆ ಹೋಗುತ್ತಿತ್ತು, ಆ ಹೊತ್ತಿಗೆ ಕಣ್ಣು ಅವಳ ಮೇಲಿರಬೇಕು. ಗಂಡ ಬೆಳಗ್ಗೆ ಬಂದಾಗ ಗೂಟ ಖಾಲಿ. ಹೊಸ್ತಿಲ ಆಚೆ ಧೂಳಿನಲ್ಲಿ ಎರಡು ಮೆಟ್ಟಿನ ಗುರುತು ಮಾತ್ರ. ಅಲ್ಲಾಡದ ಒಂದೇ ಚಿತ್ರ, ಮೂರು ಸೆಕೆಂಡ್.

ಅವನು ಕೇಳುತ್ತಾನೆ: "ನಿಂಗೊಂದು ಕಥೆ ಗೊತ್ತಂತೆ. ಒಂದು ಹಾಡೂ." ಅವಳು: "ಯಾವ ಕಥೆ? ಯಾವ ಹಾಡು?" ಇಡೀ ಚಿತ್ರದಲ್ಲಿ ಒಟ್ಟು ಎಂಟು ಸಾಲು ಮಾತು, ಅದರಲ್ಲಿ ಇವು ಕೊನೆಯವು. ಅವಳು ಇದನ್ನು ಹೇಗೆ ಹೇಳಬೇಕು ಅನ್ನುವುದಕ್ಕೆ ನಾನು ಬರೆದ ಸೂಚನೆ ಒಂದೇ: ಅಳು ಬೇಡ, ಅವಳಿಗೆ ಕಳೆದುಕೊಂಡದ್ದೇ ಗೊತ್ತಿಲ್ಲ.

ಒಂಬತ್ತು ಬೀಟ್, 4 ನಿಮಿಷ 45 ಸೆಕೆಂಡ್. ಒಂದು ಪಾತ್ರ ನಿಲ್ಲದೆ ಚಲಿಸಿದ್ದರೆ 3,420 ಚಿತ್ರ ಬೇಕಾಗುತ್ತಿತ್ತು. ನಾವು ಸುಮಾರು 1,600ರಲ್ಲಿ ಮುಗಿಸಿದೆವು. ಚಿತ್ರಕಥೆ ಕೊನೆಗೆ ಮೂರೂವರೆ ಪುಟ ಆಯಿತು. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ರೂಢಿಯ ಲೆಕ್ಕ ಇಲ್ಲಿ ಹೊಂದಲಿಲ್ಲ. ಮಾತು ಕಡಿಮೆ ಇರುವ ಚಿತ್ರಕಥೆಯಲ್ಲಿ ಒಂದು ಸಾಲು ಹತ್ತು ಸೆಕೆಂಡ್ ನಿಲ್ಲುತ್ತದೆ. ಅದಕ್ಕೇ ಪ್ರತಿ ಬೀಟಿನ ಕೊನೆಗೆ ಸೆಕೆಂಡ್ ಬರೆದೆ.

ಒಂಬತ್ತನೇ ಬೀಟ್ ಮೊದಲ ಶಾಟ್‌ನದ್ದೇ ಹಿನ್ನೆಲೆ, ಅದೇ ಕೋನ. ಇನ್ನೊಂದು ನಸುಕು. ದೀಪ ಎಡಕ್ಕೆ, ಕಲ್ಲು ನಡುವೆ. ಅವಳು ಬೀಸುತ್ತಾಳೆ. ಮೂರು ಸುತ್ತು. ನಾಲ್ಕನೇ ಸುತ್ತಿಗೆ ಕತ್ತಿನ ಮೇಲೆ ಏನೂ ಏಳುವುದಿಲ್ಲ, ಕಲ್ಲು ನಿಲ್ಲುವುದಿಲ್ಲ. ಇಲ್ಲಿ ದೀಪ ಅವಳ ಕಡೆ ವಾಲಬೇಕಾ ಅಂತ ಕೊನೆಯ ದಿನದವರೆಗೂ ಯೋಚಿಸಿದೆವು. ನಿರ್ದೇಶಕಿ ಎರಡು ಥರವೂ ಬಿಡಿಸಿ ನೋಡಿದಳು. ವಾಲಿಸದೆ ಬಿಟ್ಟೆವು. ಎಂಟು ಚಿತ್ರಗಳ ಅದೇ ಸುತ್ತಿನಲ್ಲಿ ಅದು ಸುಮ್ನೆ ಉರಿಯುತ್ತದೆ.